‘ಯಾವಾಗ ಕೂಡೋಣ್ರಿ?’ ಎಂದು ಎರಡನೇ ಸಲ ಕೇಳುವುದು ಹೇಗೆ?

ಕೊಲ್ಹಾರ ಈಗ ತಾಲೂಕು ಕೇಂದ್ರ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 50ರ ಮೇಲಿರುವ ಊರು. ಮೊದಲೆಲ್ಲ ಬಸ್ಸಿನವರು ಇಲ್ಲಿ ಇಳಿಯುತ್ತಿದ್ದದ್ದು ಮಡಕೆ ಮೊಸರಿಗಾಗಿ. ಇಂಥ ಊರುಗಳಲ್ಲಿ ಈಗ ಜಿಎಸ್‌ಟಿ, ಆದಾಯ ತೆರಿಗೆಯ ಕೆಲಸ ಮಾಡಿಕೊಡುವ ಸಣ್ಣ ಆಫೀಸುಗಳಿವೆ. ಅವುಗಳ ಗಿರಾಕಿಗಳು ಒಂದೇ ಊರಿನವರಲ್ಲ. ಒಬ್ಬರ ಅಂಗಡಿ ಬಸವನ ಬಾಗೇವಾಡಿಯಲ್ಲಿ, ಒಬ್ಬರದು ಮುದ್ದೇಬಿಹಾಳದಲ್ಲಿ, ಇನ್ನೊಬ್ಬರದು ವಿಜಯಪುರ ದಾಟಿ ಇಂಡಿಯಲ್ಲೋ ಸಿಂದಗಿಯಲ್ಲೋ ಇರುತ್ತದೆ. ಹೀಗಾಗಿ ತಿಂಗಳಿಗೊಮ್ಮೆ ಅರ್ಧ ತಾಸು ಎದುರು ಕೂಡುವುದಕ್ಕೂ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ‘ಮಂಗಳವಾರ ಮುಂಜಾನೆ 11ಕ್ಕೆ ಆಗುತ್ತದೆಯೇ’ ಎಂದು ವಾಟ್ಸ್ಆ್ಯಪ್‌ನಲ್ಲಿ ಕೇಳುತ್ತಾರೆ. ಎರಡು ನೀಲಿ ಗೆರೆ ಬರುತ್ತವೆ, ಉತ್ತರ ಬರುವುದಿಲ್ಲ. ನಾಲ್ಕು ದಿನ ಹೋಗುತ್ತವೆ. ಆ ಐದನೆಯ ದಿನ ಏನು ಬರೆಯಬೇಕು ಎಂಬುದಷ್ಟೇ ಈ ಲೇಖನದ ವಿಷಯ. ತೆರಿಗೆಯ ಕೆಲಸವನ್ನು ಉದಾಹರಣೆಗೆ ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿ ತಾರೀಖುಗಳು ಕಾನೂನಿನಲ್ಲೇ ಬರೆದಿರುವುದರಿಂದ ಯಾವಾಗ ನೆನಪಿಸಬೇಕು, ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕೈಬೆರಳಿನಲ್ಲಿ ಎಣಿಸಿ ತೋರಿಸಬಹುದು. ಮನೆಯ ನಕ್ಷೆ ಹಾಕುವ ಎಂಜಿನಿಯರ್‌ಗೂ ಹನಿ ನೀರಾವರಿ ಕೂಡಿಸುವವರಿಗೂ ಲೆಕ್ಕ ಬೇರೆ, ಕ್ರಮ ಇದೇ.

ಮೊದಲು ಆ ಮೌನವನ್ನು ಸರಿಯಾಗಿ ಓದಬೇಕು. ಸಮಯ ಕೇಳಿದವರಿಗೆ ಅದು ಸಣ್ಣ ಪ್ರಶ್ನೆ. ಹೂಂ ಅನ್ನಬೇಕು, ಇಲ್ಲವೇ ಉಹೂಂ ಅನ್ನಬೇಕು. ಕೇಳಿಸಿಕೊಂಡವರಿಗೆ ಅದು ಅಷ್ಟು ಸಣ್ಣದಲ್ಲ. ಬಾಗೇವಾಡಿಯ ಪೈಪು-ಮೋಟಾರಿನ ಅಂಗಡಿಯವರು ಮಂಗಳವಾರ 11ಕ್ಕೆ ಕೊಲ್ಹಾರಕ್ಕೆ ಬರುವುದೆಂದರೆ ಗಲ್ಲೆಯ ಮೇಲೆ ಇನ್ನೊಬ್ಬರು ಕೂಡಬೇಕು. ಅಂದು ಲೋಡು ಇಳಿಯುವುದಿದೆಯೋ ಇಲ್ಲವೋ ಲಾರಿಯವರು ಹೇಳಬೇಕು. ಬಿಲ್ಲಿನ ಫೈಲು ತಮ್ಮನ ಹತ್ತಿರ ಇದ್ದರೆ ಅವನು ಊರಲ್ಲಿರಬೇಕು. ಇದರಲ್ಲಿ ಯಾವುದೂ ಸಂದೇಶ ಓದಿದ ಗಳಿಗೆಯಲ್ಲಿ ಅವರ ಕೈಯಲ್ಲಿಲ್ಲ. ಕೇಳಿ ಹೇಳಿದರಾಯಿತು ಎಂದು ಫೋನ್ ಕೆಳಗಿಡುತ್ತಾರೆ, ಅಷ್ಟರಲ್ಲಿ ಗಿರಾಕಿ ಬರುತ್ತಾರೆ, ಸಂದೇಶ ಮೂವತ್ತು ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಎರಡು ದಿನದ ಮೇಲೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ತಡವಾಗಿ ಉತ್ತರಿಸುವುದಕ್ಕೆ ಕಾರಣ ಹೇಳಬೇಕಲ್ಲ ಎಂಬ ಸಂಕೋಚ ಬಂದು, ಉತ್ತರ ಇನ್ನಷ್ಟು ಮುಂದೆ ಹೋಗುತ್ತದೆ. ಬೇಡವೆಂದು ಸುಮ್ಮನಿರುವವರೂ ಇದ್ದಾರೆ, ಇಲ್ಲವೆನ್ನಲಾಗದು. ಆದರೆ ವರ್ಷಗಟ್ಟಲೆ ಲೆಕ್ಕ ಮಾಡಿಸುತ್ತಿರುವ ಗಿರಾಕಿ ಒಂದು ತಿಂಗಳು ಉತ್ತರಿಸದಿದ್ದರೆ ಅದನ್ನು ಅವಮಾನವೆಂದು ಎಣಿಸುವುದಕ್ಕೆ ಆಧಾರ ತೀರಾ ತೆಳು.

ಹೀಗೆ ಓದಿದರೆ ಎರಡನೆಯ ಸಂದೇಶದ ಕೆಲಸ ಏನೆಂಬುದೂ ಗೊತ್ತಾಗುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಗಿರಾಕಿಗೆ ಭಾರವಾಗಿತ್ತು. ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದರೆ ಭಾರ ಅಷ್ಟೇ ಉಳಿಯುತ್ತದೆ, ಮೇಲೆ ಸಂಕೋಚ ಕೂಡುತ್ತದೆ. ಆದ್ದರಿಂದ ಎರಡನೆಯ ಸಲ ಕೇಳುವ ಪ್ರಶ್ನೆ ಮೊದಲಿನದಕ್ಕಿಂತ ಹಗುರವಾಗಿರಬೇಕು, ಮತ್ತು ಅದರ ಜೊತೆಗೆ ಹೊಸದೊಂದು ಸುದ್ದಿ ಇರಬೇಕು. ಸಭ್ಯತೆ ಎಂದರೆ ‘ದಯವಿಟ್ಟು’, ‘ಕ್ಷಮಿಸಿ’ ಎಂದು ತುಂಬುವುದು ಎಂದುಕೊಂಡವರು ಬಹಳ. ನಾಲ್ಕು ಸಲ ಕ್ಷಮೆ ಕೇಳಿದ ಸಂದೇಶಕ್ಕಿಂತ ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಸಂದೇಶ ಹೆಚ್ಚು ಸಭ್ಯ, ಏಕೆಂದರೆ ಅದು ಓದುವವರ ಹೊತ್ತನ್ನು ಉಳಿಸುತ್ತದೆ.

ಒಂದು ತಿಂಗಳನ್ನು ಎದುರಿಗಿಟ್ಟುಕೊಂಡು ನೋಡೋಣ. ಪ್ರತಿ ತಿಂಗಳೂ ಜಿಎಸ್‌ಟಿ ವಿವರ ಸಲ್ಲಿಸುವ ವ್ಯಾಪಾರಿಗೆ ಮೂರು ತಾರೀಖುಗಳು ಮುಖ್ಯ. ಹಿಂದಿನ ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಕೊಡಲು 11 ಕೊನೆಯ ದಿನ. ಮಾಲು ಕೊಟ್ಟವರೆಲ್ಲ ತಮ್ಮ ಮಾರಾಟ ತೋರಿಸಿದ ಮೇಲೆ, ಈ ವ್ಯಾಪಾರಿಗೆ ಎಷ್ಟು ತೆರಿಗೆ ಜಮಾ ಸಿಗುತ್ತದೆ ಎಂಬ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ, 14ಕ್ಕೆ ಪೋರ್ಟಲ್‌ನಲ್ಲಿ ಬರುತ್ತದೆ. ಅದನ್ನು ಕಳೆದು ಉಳಿದ ತೆರಿಗೆ ಕಟ್ಟಿ ಜಿಎಸ್‌ಟಿಆರ್-3ಬಿ ಸಲ್ಲಿಸಲು 20 ಕೊನೆಯ ದಿನ. ಅಂದರೆ ಅಂಗಡಿಯ ಖರೀದಿ ಬಿಲ್ಲುಗಳನ್ನೂ 2ಬಿ ಪಟ್ಟಿಯನ್ನೂ ಎದುರು ಬದುರು ಇಟ್ಟು ನೋಡುವ ಬೈಠಕ್ 14 ಮತ್ತು 20ರ ನಡುವೆಯೇ ಆಗಬೇಕು. ನಮ್ಮ ಉದಾಹರಣೆಯ ತಿಂಗಳಲ್ಲಿ 16 ಮಂಗಳವಾರ ಎಂದಿಟ್ಟುಕೊಳ್ಳಿ. 10ರಂದು, ಬುಧವಾರ, ಕೊಲ್ಹಾರದ ಸಲಹೆಗಾರರು ಬಾಗೇವಾಡಿಯ ಪೈಪಿನ ಅಂಗಡಿಯವರಿಗೆ ‘16ಕ್ಕೆ ಮುಂಜಾನೆ 11ಕ್ಕೆ ಆಫೀಸಿಗೆ ಬರ್ತೀರೇನ್ರಿ, ತಿಳಿಸ್ರಿ’ ಎಂದು ಬರೆದರು. ಗುರುವಾರ, ಶುಕ್ರವಾರ, ಶನಿವಾರ ಉತ್ತರವಿಲ್ಲ.

ಬಹಳ ಜನ ಶನಿವಾರವೇ ತಾಳ್ಮೆ ಕಳೆದುಕೊಂಡು ‘ಸರ್, ಬುಧವಾರ ಮೆಸೇಜ್ ಹಾಕಿದ್ದೆ, ಇನ್ನೂ ರಿಪ್ಲೈ ಬಂದಿಲ್ಲ’ ಎಂದು ಬರೆಯುತ್ತಾರೆ. ಈ ಒಂದು ಸಾಲಿನಲ್ಲಿ ತಪ್ಪು ಒಂದಲ್ಲ. ಯಾವ ಕೆಲಸಕ್ಕೆ, ಎಷ್ಟು ಹೊತ್ತು, ಯಾವ ದಿನ ಎಂಬುದನ್ನು ತಿಳಿಯಲು ಗಿರಾಕಿ ಮತ್ತೆ ಮೇಲಕ್ಕೆ ಹೋಗಿ ಹಳೆಯ ಸಂದೇಶ ಹುಡುಕಬೇಕು. ಸಾಲಿನ ತಿರುಳು ಬೈಠಕ್ಕಿನ ಬಗ್ಗೆ ಇಲ್ಲ, ಗಿರಾಕಿಯ ತಪ್ಪಿನ ಬಗ್ಗೆ ಇದೆ. ಅದಕ್ಕೆ ಬರಬಹುದಾದ ಉತ್ತರವೂ ಅಷ್ಟೇ: ‘ಸಾರಿ ಸರ್, ನೋಡಿ ಹೇಳ್ತೀನಿ.’ ಸಮಯ ಮತ್ತೆ ಗೊತ್ತಾಗಲಿಲ್ಲ. ಶನಿವಾರ ಸುಮ್ಮನಿದ್ದು, 14 ಕಳೆಯಲು ಬಿಟ್ಟರೆ ಸೋಮವಾರ 15ರ ಮುಂಜಾನೆ ಸಲಹೆಗಾರರ ಕೈಯಲ್ಲಿ 2ಬಿ ಪಟ್ಟಿ ಇರುತ್ತದೆ. ಅದನ್ನು ತೆರೆದರೆ ಸೊಲ್ಲಾಪುರದಿಂದ ತರಿಸಿದ ಪಿವಿಸಿ ಪೈಪಿನ ಒಂದು ಲಕ್ಷ ರೂಪಾಯಿಯ ಬಿಲ್ಲು ಅದರಲ್ಲಿಲ್ಲ ಎಂದಿಟ್ಟುಕೊಳ್ಳಿ. ಮಾಲು ಕೊಟ್ಟವರು ಅದನ್ನು ತಮ್ಮ ಮಾರಾಟದಲ್ಲಿ ಇನ್ನೂ ತೋರಿಸಿಲ್ಲ. ಶೇ 18ರ ಲೆಕ್ಕದಲ್ಲಿ ಆ ಬಿಲ್ಲಿನ ತೆರಿಗೆ 18 ಸಾವಿರ. ಅವರು ಈಗ ತಡವಾಗಿ ತೋರಿಸಿದರೂ ಅದು ಮುಂದಿನ ತಿಂಗಳ 2ಬಿಯಲ್ಲಿ ಬರುತ್ತದೆಯೇ ಹೊರತು ಈ ತಿಂಗಳಿಗೆ ಸಿಗುವುದಿಲ್ಲ. ಅಂಗಡಿಯವರು ತಾವು 18 ಸಾವಿರ ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದರೆ, 20ರೊಳಗೆ ಹೊಂದಿಸಬೇಕಾದದ್ದು 36 ಸಾವಿರ.

ಇದು ಸುದ್ದಿ. ಸೋಮವಾರದ ಸಂದೇಶಕ್ಕೆ ಈಗ ತನ್ನದೇ ಆದ ಕಾರಣ ಸಿಕ್ಕಿತು. ‘ಉತ್ತರ ಯಾಕೆ ಬರಲಿಲ್ಲ’ ಎಂಬ ಮಾತೇ ಎತ್ತಬೇಕಿಲ್ಲ. ಆ ಸಂದೇಶ ಹೀಗಿರಬಹುದು:

‘ನಮಸ್ಕಾರ ಅಣ್ಣಾರ. ನಿಮ್ಮ 2ಬಿ ಬಂದೈತಿ. ಸೊಲ್ಲಾಪುರದ ಪೈಪಿನ ಬಿಲ್ ಒಂದು ಅದರಾಗ ಇಲ್ಲ, ಹಂಗಾಗಿ ಈ ಸಲ ತೆರಿಗೆ 18 ಸಾವಿರ ಜಾಸ್ತಿ ಕಟ್ಟೂದು ಬರಬಹುದು. ಬಿಲ್ ಫೈಲ್ ನೋಡಿ ಖಾತ್ರಿ ಮಾಡಾಕ ಅರ್ಧ ತಾಸು ಕೂಡೂಣು. ನಾಳೆ ಮಂಗಳವಾರ ಮುಂಜಾನೆ 11ಕ್ಕ ಇಲ್ಲಿ, ಇಲ್ಲಾಂದ್ರ ಬುಧವಾರ ಸಂಜಿ 5ಕ್ಕ ನಾನ ನಿಮ್ಮ ಅಂಗಡಿಗೆ ಬರ್ತೀನಿ. ಮಂಗಳವಾರನೋ ಬುಧವಾರನೋ ಅಷ್ಟ ಹೇಳ್ರಿ. ಎರಡೂ ಆಗೂದಿಲ್ಲಾಂದ್ರ ಬಿಲ್ಲಿನ ಫೋಟೋ ಕಳಿಸಿದ್ರೂ ನಡೀತೈತಿ.’

ಇದರಲ್ಲಿ ಹಳೆಯ ಸಂದೇಶದ ಪ್ರಸ್ತಾಪವಿಲ್ಲ, ಆದರೆ ಹಳೆಯ ಸಮಯ ಹಾಗೇ ಉಳಿದಿದೆ. ಹೀಗಾಗಿ ಗಿರಾಕಿಗೆ ತಡವಾದುದಕ್ಕೆ ಕಾರಣ ಹೇಳುವ ಕಷ್ಟ ತಪ್ಪಿತು. ಕೆಲಸ ಏನು, ಎಷ್ಟು ಹೊತ್ತು, ಏನು ತರಬೇಕು ಎಂಬುದೆಲ್ಲ ಇಲ್ಲೇ ಇದೆ, ಹುಡುಕಬೇಕಿಲ್ಲ. ಎರಡನೆಯ ಸಮಯದಲ್ಲಿ ದಿನವಷ್ಟೇ ಬದಲಾಗಿಲ್ಲ, ಜಾಗವೂ ಬದಲಾಗಿದೆ. ಮೊದಲ ಸಮಯ ಏಕೆ ಆಗಲಿಲ್ಲ ಎಂಬುದು ನಮಗೆ ಗೊತ್ತಿಲ್ಲದಿರುವಾಗ ಅದೇ ಅಡ್ಡಿ ಎರಡನೆಯದಕ್ಕೂ ತಗಲದಂತೆ ನೋಡಿಕೊಳ್ಳಬೇಕು. ಗಲ್ಲೆ ಬಿಟ್ಟು ಬರಲಾಗದವರಿಗೆ ಮಂಗಳವಾರ 11ರ ಬದಲು ಮಂಗಳವಾರ 12 ಎಂದರೆ ಏನೂ ಕೊಟ್ಟಂತಾಗುವುದಿಲ್ಲ. ಕೊನೆಯ ಸಾಲಿನ ಫೋಟೋದ ದಾರಿ ಬೈಠಕ್ಕನ್ನೇ ಬೇಡವಾಗಿಸಬಹುದು. ಆಗಲಿ. ಬೇಕಾಗಿದ್ದುದು ಬಿಲ್ಲಿನ ತಾಳೆ, ಬೈಠಕ್ ಅದರ ಒಂದು ದಾರಿ ಮಾತ್ರ. ಸಮಯಕ್ಕೆ ಉತ್ತರಿಸದ ಎಷ್ಟೋ ಗಿರಾಕಿಗಳ ಮೌನದಲ್ಲಿ ‘ಇದಕ್ಕೆ ಅಷ್ಟು ದೂರ ಬರಲೇಬೇಕೇ’ ಎಂಬ ಪ್ರಶ್ನೆಯೇ ಇರುತ್ತದೆ.

18 ಸಾವಿರದ ಮಾತು ಹಾಕಿದ್ದು ಹೆದರಿಸುವುದಕ್ಕೇ ಎಂದು ಯಾರಾದರೂ ಆಕ್ಷೇಪಿಸಬಹುದು. ಇಲ್ಲಿ ಲಂಡನ್ನಿನ ಬಾರ್ಟ್ಸ್ ಹೆಲ್ತ್ ಆಸ್ಪತ್ರೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೆನೆಯಬಹುದು. ಹೊರರೋಗಿಗಳಿಗೆ ಹೋಗುವ ಎಸ್‌ಎಂಎಸ್‌ನ ಒಕ್ಕಣೆ ಬದಲಿಸಿ ನೋಡಿದರು. ಮಾಮೂಲಿ ಸಂದೇಶ ಹೋದವರಲ್ಲಿ ಶೇ 11.1ರಷ್ಟು ಜನ ಹೇಳದೆ ಕೇಳದೆ ತಪ್ಪಿಸಿಕೊಂಡರೆ, ಬಾರದಿದ್ದರೆ ಆಗುವ ನಷ್ಟ ಸುಮಾರು 160 ಪೌಂಡು ಎಂದು ಬರೆದ ಸಂದೇಶ ಹೋದವರಲ್ಲಿ ಅದು ಶೇ 8.4ಕ್ಕೆ ಇಳಿಯಿತು. ದೊಡ್ಡ ಜಾದು ಏನಲ್ಲ, ಮತ್ತು ಅದು ಮೊದಲೇ ಗೊತ್ತಾದ ಸಮಯಕ್ಕೆ ಬರುವವರ ಲೆಕ್ಕ, ಸಮಯ ಗೊತ್ತು ಮಾಡುವವರದಲ್ಲ. ಆದರೂ ಖಚಿತವಾದ ಒಂದು ಅಂಕಿ ಹತ್ತು ಒತ್ತಾಯದ ಮಾತುಗಳ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಹೆದರಿಸುವುದಕ್ಕೂ ತಿಳಿಸುವುದಕ್ಕೂ ಇರುವ ಗಡಿ ಅಂಕಿ ನಿಜವೇ ಎಂಬುದರಲ್ಲಿದೆ. ನಮ್ಮ ಉದಾಹರಣೆಯಲ್ಲಿ 3ಬಿ ಹತ್ತು ದಿನ ತಡವಾದರೆ ದಿನಕ್ಕೆ 50 ರೂಪಾಯಿಯಂತೆ 500 ರೂಪಾಯಿ ತಡ ಶುಲ್ಕ, 36 ಸಾವಿರದ ಮೇಲೆ ವರ್ಷಕ್ಕೆ ಶೇ 18ರಂತೆ ಹತ್ತು ದಿನದ ಬಡ್ಡಿ 178 ರೂಪಾಯಿ. ಎರಡೂ ಕೂಡಿ ಏಳುನೂರರೊಳಗೆ. ಇದನ್ನು ‘ಭಾರಿ ದಂಡ ಬೀಳುತ್ತದೆ’ ಎಂದು ಬರೆಯುವ ಸಲಹೆಗಾರರ ಮಾತನ್ನು ಗಿರಾಕಿ ಒಮ್ಮೆ ನಂಬುತ್ತಾರೆ, ಏಳುನೂರರ ಚಲನ್ ನೋಡಿದ ಮೇಲೆ ಮತ್ತೆಂದೂ ನಂಬುವುದಿಲ್ಲ. ನಿಜವಾದ ತೊಂದರೆ ಬೇರೆ ಕಡೆ ಇದೆ. ಈ ತಿಂಗಳ 3ಬಿ ಸಲ್ಲಿಸದಿದ್ದರೆ ಮುಂದಿನ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸಲು ಪೋರ್ಟಲ್ ಬಿಡುವುದಿಲ್ಲ. ಆಗ ಇವರ ಹತ್ತಿರ ಮಾಲು ಒಯ್ದ ಗುತ್ತಿಗೆದಾರರ ತೆರಿಗೆ ಜಮಾ ನಿಲ್ಲುತ್ತದೆ, ಅವರು ಫೋನ್ ಮಾಡುವುದು ಇವರಿಗೇ. ಹೇಳುವುದಾದರೆ ಇದನ್ನು ಹೇಳಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಮ್ಮ ಕಡೆ ಈ ಬರೆದು ಕೇಳುವುದೆಲ್ಲ ಯಾಕೆ, ಫೋನ್ ಹಚ್ಚಿದರೆ ಒಂದು ನಿಮಿಷದಲ್ಲಿ ಮುಗಿಯುತ್ತದಲ್ಲ? ಇದಕ್ಕೂ ಆಧಾರವಿದೆ. ರೋಘನಿಜಾದ್ ಮತ್ತು ಬೋನ್ಸ್ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಎದುರು ನಿಂತು ಮಾಡಿದ ಕೋರಿಕೆ ಇ-ಮೇಲ್‌ನಲ್ಲಿ ಮಾಡಿದ ಅದೇ ಕೋರಿಕೆಗಿಂತ 34 ಪಟ್ಟು ಪರಿಣಾಮಕಾರಿಯಾಗಿತ್ತು. ಬರೆದು ಕೇಳುವವರಿಗೆ ತಮ್ಮ ಬರಹದ ಮೇಲೆ ಅತಿ ಭರವಸೆ ಇರುತ್ತದೆ ಎಂಬುದೂ ಅದರಲ್ಲೇ ಕಂಡಿತು. ಆದರೆ ಅಲ್ಲಿ ಇ-ಮೇಲ್ ಹೋದದ್ದು ಗುರುತಿಲ್ಲದವರಿಗೆ. ನಮ್ಮ ಗಿರಾಕಿಗೆ ಸಲಹೆಗಾರರು ಗುರುತಿಲ್ಲದವರಲ್ಲ. ಜೊತೆಗೆ ಎದುರು ಕೇಳಿದಾಗ ‘ಇಲ್ಲ’ ಅನ್ನುವುದು ಕಷ್ಟ. ಸಮಯ ಗೊತ್ತು ಮಾಡುವಾಗ ಅದೇ ಗುಣ ತಿರುಗಿ ಬೀಳುತ್ತದೆ. ಫೋನಿನಲ್ಲಿ ‘ನಾಳೆ ಬರ್ತೀರೇನ್ರಿ’ ಎಂದರೆ ವಿಜಯಪುರದ ಕಡೆ ‘ಇಲ್ಲ’ ಎಂದು ನೇರ ಅನ್ನುವವರು ಕಡಿಮೆ; ‘ಹೂಂ ರೀ, ನೋಡೂಣು ತಗೋರಿ’ ಎನ್ನುತ್ತಾರೆ. ಆ ‘ನೋಡೂಣು’ ಒಪ್ಪಿಗೆಯೋ ಅಲ್ಲವೋ ಎಂಬುದು ಮರುದಿನ 11 ಗಂಟೆಯ ವರೆಗೂ ಗೊತ್ತಾಗುವುದಿಲ್ಲ. ಬರೆದ ಸಂದೇಶ ಗಿರಾಕಿಗೆ ತಮ್ಮನನ್ನೂ ಲಾರಿಯವರನ್ನೂ ಕೇಳಿ ಹೇಳಲು ಹೊತ್ತು ಕೊಡುತ್ತದೆ. ಹಾಗೆಂದು ಫೋನ್ ಬಿಡಬೇಕಿಲ್ಲ. ವಯಸ್ಸಾದವರಿಗೆ, ವಾಟ್ಸ್ಆ್ಯಪ್ ಮಗನ ಫೋನಿನಲ್ಲಿ ಮಾತ್ರ ಇರುವವರಿಗೆ ಫೋನೇ ಸರಿ. ನನ್ನ ಮಟ್ಟಿಗೆ ಒಳ್ಳೆಯ ಕ್ರಮವೆಂದರೆ ಮೇಲಿನ ಸಂದೇಶ ಮುಂಜಾನೆ ಕಳಿಸಿ, ಉತ್ತರ ಬಾರದಿದ್ದರೆ ಅಂದೇ ಸಂಜೆ ಅಂಗಡಿಯ ಗದ್ದಲ ಇಳಿದ ಮೇಲೆ ಫೋನ್ ಮಾಡುವುದು, ಫೋನಿನಲ್ಲಿ ಒಪ್ಪಿದ ಸಮಯವನ್ನು ಮತ್ತೆ ಒಂದು ಸಾಲಿನಲ್ಲಿ ಬರೆದು ಹಾಕುವುದು. ಫೋನಿನಲ್ಲಿಯೂ ‘ನನ್ನ ಮೆಸೇಜ್ ನೋಡಿದ್ರೇನ್ರಿ’ ಎಂದು ಶುರು ಮಾಡಬಾರದು. ನೀಲಿ ಗೆರೆ ಬಿದ್ದದ್ದು ಇಬ್ಬರಿಗೂ ಗೊತ್ತು; ಆ ಪ್ರಶ್ನೆಯಿಂದ ಗಿರಾಕಿ ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ತಲೆ ತಗ್ಗಿಸಬೇಕಾಗುತ್ತದೆ.

‘ಬೇಕಾದವರು ಬರುತ್ತಾರೆ, ನಾನೇಕೆ ಬೆನ್ನು ಹತ್ತಲಿ’ ಎಂಬ ಸ್ವಾಭಿಮಾನದ ಮಾತಿಗೂ ಉತ್ತರ ಕೊಡಬೇಕು. 20ರ ರಾತ್ರಿ ಅದೇ ಗಿರಾಕಿ ಫೋನ್ ಮಾಡಿ ‘ಹೆಂಗರ ಮಾಡಿ ಇವತ್ತ ಹಾಕ್ರಿ’ ಎಂದಾಗ ಇನ್ನೂ ಹತ್ತು ಜನರ ಕೆಲಸ ಮೇಜಿನ ಮೇಲಿರುತ್ತದೆ. ಸೋಮವಾರ ಕಳಿಸದ ಸಂದೇಶದ ಬೆಲೆಯನ್ನು ಶನಿವಾರ ರಾತ್ರಿ ಸಲಹೆಗಾರರೇ ಕಟ್ಟುತ್ತಾರೆ. ಆದರೂ ಆ ಮಾತಿನಲ್ಲಿ ಒಂದು ಸತ್ಯವಿದೆ: ನೆನಪಿಸುವುದಕ್ಕೆ ಕೊನೆ ಇರಬೇಕು. ಸೋಮವಾರದ ಸಂದೇಶಕ್ಕೂ ಸಂಜೆಯ ಫೋನಿಗೂ ಜವಾಬಿಲ್ಲದಿದ್ದರೆ, ಬುಧವಾರ ಸಂಜೆ ಈ ತಿಂಗಳ ಕೊನೆಯ ಸಂದೇಶ ಹೋಗಬೇಕು. ಅದು ಪ್ರಶ್ನೆ ಕೇಳುವುದಿಲ್ಲ, ತಾನು ಏನು ಮಾಡುತ್ತೇನೆ ಎಂದು ತಿಳಿಸುತ್ತದೆ:

‘ಅಣ್ಣಾರ, ಶುಕ್ರವಾರ ಮಧ್ಯಾಹ್ನ 2ರ ತನಕ ಬಿಲ್ ಸಿಕ್ರ ಹೊಂದಿಸಿ ನೋಡ್ತೀನಿ. ಇಲ್ಲಾಂದ್ರ 2ಬಿ ಒಳಗ ಇದ್ದಷ್ಟಕ್ಕ ಲೆಕ್ಕ ಮಾಡಿ ಚಲನ್ ಕಳಿಸ್ತೀನಿ, ಒಟ್ಟು 36 ಸಾವಿರ ಆಗ್ತೈತಿ. ನೀವು ಓಟಿಪಿ ಕೊಟ್ಟ ಮ್ಯಾಲೆನ ಫೈಲ್ ಆಗೂದು. ಮಂಗಳವಾರ ಬುಧವಾರದ ಟೈಮ್ ಬ್ಯಾರೇದವರಿಗೆ ಕೊಟ್ಟೀನಿ. ಮುಂದಿನ ವಾರ ಯಾವಾಗ ಬೇಕಾದ್ರೂ ಕೂಡೂಣು.’

ಈ ಸಂದೇಶದಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಹಿಡಿದಿಟ್ಟ ಸಮಯವನ್ನು ಬಿಟ್ಟುಕೊಟ್ಟೆ ಎಂದು ಸ್ಪಷ್ಟವಾಗಿ ಹೇಳುವುದು. ಹೇಳದಿದ್ದರೆ ಗಿರಾಕಿ ಗುರುವಾರ ಸುಮ್ಮನೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಅದು ಅವರ ತಪ್ಪಲ್ಲ. ಇನ್ನೊಂದು, ಮೌನವನ್ನು ಎಲ್ಲಿಯವರೆಗೆ ಒಪ್ಪಿಗೆ ಎಂದು ಎಣಿಸಬಹುದು ಎಂಬುದು. ‘ಉತ್ತರ ಬಾರದಿದ್ದರೆ ಒಪ್ಪಿದಿರಿ ಎಂದು ತಿಳಿಯುತ್ತೇನೆ’ ಎಂಬ ಒಕ್ಕಣೆ ಕೆಲವು ಕಚೇರಿ ಪತ್ರಗಳಲ್ಲಿ ಕಾಣುತ್ತದೆ. ಲೆಕ್ಕ ತಯಾರಿಸಿ ಇಡುವುದಕ್ಕೆ ಅದು ಸರಿ, ಏಕೆಂದರೆ ತಯಾರಿಸಿದ್ದನ್ನು ಬದಲಿಸಬಹುದು. ಗಿರಾಕಿಯ ದುಡ್ಡು ಕಟ್ಟುವುದಕ್ಕೆ, ಅವರ ಹೆಸರಿನಲ್ಲಿ ವಿವರ ಸಲ್ಲಿಸುವುದಕ್ಕೆ ಅದು ಸರಿಯಲ್ಲ. ಇಂಥ ಸಣ್ಣ ಅಂಗಡಿಯ ವಿವರ ಸಾಮಾನ್ಯವಾಗಿ ಮಾಲೀಕರ ಮೊಬೈಲಿಗೆ ಬರುವ ಓಟಿಪಿಯ ಮೇಲೆಯೇ ಸಲ್ಲಿಕೆಯಾಗುತ್ತದೆ. ಆ ಓಟಿಪಿ ಕೇಳುವ ಫೋನನ್ನು ಮಾತ್ರ 20ರ ವರೆಗೆ ಎಷ್ಟು ಸಲ ಮಾಡಿದರೂ ಅದು ಕಾಟವಾಗುವುದಿಲ್ಲ. ಅಲ್ಲಿ ತಾರೀಖು ಸರಕಾರದ್ದು, ಸಲಹೆಗಾರರದ್ದಲ್ಲ.

ಕಾಲ ನೋಡಿ ಕೇಳುವ ಮಾತನ್ನೂ ಹೇಳಬೇಕು, ಇದು ಹೊರಗಿನವರಿಗೆ ಹೊಳೆಯುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ 2ಕ್ಕೆ ಕೂಡೋಣ ಎಂದರೆ ಯಾರೂ ಉತ್ತರಿಸುವುದಿಲ್ಲ. ಸಂಜೆ 5 ಎಂದರೆ ಅದೇ ಜನ ಹೂಂ ಅನ್ನುತ್ತಾರೆ. ಶ್ರಾವಣ ಸೋಮವಾರಗಳಲ್ಲಿ ಬಾಗೇವಾಡಿಯ ಅಂಗಡಿಯವರನ್ನು ಕರೆಯುವುದು ವ್ಯರ್ಥ. ಗಿರಾಕಿಗೆ ದ್ರಾಕ್ಷಿ ತೋಟವೂ ಇದ್ದರೆ ಅಕ್ಟೋಬರ್ ಚಾಟ್ನಿಯ ದಿನಗಳಲ್ಲಿ ಆಳುಗಳು ಸಿಕ್ಕ ದಿನವೇ ಕತ್ತರಿ ಆಡಬೇಕು. ಅವರು ಮರುದಿನದ ಮಾತನ್ನೂ ಖಚಿತವಾಗಿ ಹೇಳಲಾರರು. ಅಂಥವರಿಗೆ ಗಂಟೆ ಕೇಳುವ ಬದಲು ‘ಚಾಟ್ನಿ ಮುಗಿದ ಮ್ಯಾಲೆ ಒಂದು ಫೋನ್ ಹಚ್ಚ್ರಿ, ನಾ 20ರ ಕೆಲಸಕ್ಕ ಬೇಕಾದ್ದಷ್ಟ ಈಗ ಫೋಟೋದಾಗ ನೋಡ್ತೀನಿ’ ಎಂದರೆ ನಡೆಯುತ್ತದೆ.

ಒಂದು ತಿಂಗಳ ಮೌನಕ್ಕೆ ಈ ಕ್ರಮ ಸಾಕು. ಅದೇ ಗಿರಾಕಿ ಮೂರು ತಿಂಗಳು ಹೀಗೆಯೇ ಮಾಡಿದರೆ ತಪ್ಪು ಸಂದೇಶದಲ್ಲಿಲ್ಲ, ಏರ್ಪಾಡಿನಲ್ಲಿದೆ. ಆಗ ಎದುರು ಕೂತ ದಿನವೇ ಮುಂದಿನದನ್ನೂ ಗೊತ್ತು ಮಾಡಿಕೊಳ್ಳಿ: ಪ್ರತಿ ತಿಂಗಳು 14 ಅಥವಾ ಅದರ ನಂತರದ ಮೊದಲ ಬುಧವಾರ, ಸಂಜೆ 5, ಅಂಗಡಿಯಲ್ಲೇ. ಆಗದ ತಿಂಗಳು ಮಾತ್ರ ಗಿರಾಕಿ ಫೋನ್ ಮಾಡಲಿ. ಬಿಲ್ಲಿನ ಫೈಲು ಯಾರ ಹತ್ತಿರ ಇರುತ್ತದೆಯೋ ಅವರ ನಂಬರನ್ನೂ ಅವತ್ತೇ ಕೇಳಿ ಬರೆದುಕೊಳ್ಳಿ.